ಖಾಲಿ ಚೀಲದ ಲೆಕ್ಕ

ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ಹೊಸನಗರ ತಾಲೂಕಿನವನು, ವಯಸ್ಸು 39. ಇಪ್ಪತ್ತು ವರ್ಷದಿಂದ ಶಿವಮೊಗ್ಗದಲ್ಲಿ ಗಾರೆ ಕೆಲಸ. ದಿನಕ್ಕೆ 900 ಸಿಗುತ್ತೆ. ಈಚೆಗೆ ಬೆಳಿಗ್ಗೆ ಎದ್ದರೆ ಸೊಂಟ ಹಿಡಿದಿರುತ್ತೆ, ಬಲಗೈ ಬೆರಳು ಜೋಮು. ನಮ್ಮ ಕಾಂಟ್ರ್ಯಾಕ್ಟರ್ ‘ಸೂಪರ್‌ವೈಸರ್ ಆಗು, ತಿಂಗಳಿಗೆ 18,000 ಕೊಡ್ತೀನಿ’ ಅಂತಾರೆ. ನಾನು ಓದಿದ್ದು ಏಳನೇ ಕ್ಲಾಸು. ಡಿಪ್ಲೊಮಾ ಹುಡುಗರ ಮುಂದೆ ನನ್ನಿಂದ ಆಗುತ್ತಾ? ಟಿಪ್ಪರ್ ಓಡಿಸೋ ನನ್ನ ತಮ್ಮನದ್ದೂ ಇದೇ ಪ್ರಶ್ನೆ. — ಒಬ್ಬ ಓದುಗ

ಉತ್ತರ: ನಿಮ್ಮ ಪತ್ರದ ಹಿಂಬದಿ ನೋಡಿದೆ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಏನೋ ಗುಣಾಕಾರ ಮಾಡಿದ್ದೀರಿ. ಯಾವುದೋ ಗೋಡೆಯ ಇಟ್ಟಿಗೆ ಲೆಕ್ಕ ಇರಬೇಕು, ಸರಿಯಾಗಿಯೇ ಇದೆ. ಏಳನೇ ಕ್ಲಾಸು ಎಂದು ಹೇಳಿಕೊಳ್ಳುವಾಗ ನಿಮಗಿರುವ ನಾಚಿಕೆಗೆ ನನ್ನ ಆಕ್ಷೇಪ ಇದೆ. ಇಪ್ಪತ್ತು ವರ್ಷ ಕರಣೆ ಹಿಡಿದವರು ‘ನನ್ನಿಂದ ಆಗುತ್ತಾ’ ಎಂದು ಕೇಳಬಾರದು. ‘ಯಾವುದನ್ನು ಬರೆಯುವುದು ಕಲಿಯಬೇಕು’ ಎಂದು ಕೇಳಬೇಕು.

ಡಿಪ್ಲೊಮಾ ಹುಡುಗರ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಬೀಮಿಗೆ ಎಷ್ಟು ಎಂ.ಎಂ. ಕಂಬಿ, ಎಷ್ಟು ಸಾಲು ಎಂದು ತೀರ್ಮಾನಿಸುವುದು ಓದಿದವರ ಕೆಲಸ. ಅದರಲ್ಲಿ ಕೈ ಹಾಕಬೇಡಿ, ನಕ್ಷೆಯಲ್ಲಿ ಇದ್ದದ್ದನ್ನು ಬದಲಿಸಬೇಡಿ. ಆದರೆ ನಕ್ಷೆಯಲ್ಲಿ ಇದ್ದದ್ದು ಸೈಟಿನಲ್ಲಿ ಆಯಿತಾ ಇಲ್ಲವಾ ಎಂದು ನೋಡುವುದಕ್ಕೆ ಬೇರೆ ಕಣ್ಣು ಬೇಕು. ಆ ಕಣ್ಣು ನಿಮಗಿದೆ, ಅವರಿಗೆ ಇನ್ನೂ ಬರಬೇಕು.

ನಮ್ಮದೇ ಮನೆಯ ಕಥೆ ಹೇಳುತ್ತೇನೆ. ಮೇ ಕೊನೆಯಲ್ಲಿ ಸ್ಲ್ಯಾಬ್ ಹಾಕಿಸಿದೆವು. ಹಾಲ್ ಹದಿನೆಂಟು ಅಡಿ ಅಗಲ. ಮಳೆ ಬರುವ ಮೊದಲು ಇನ್ನೊಂದು ಸೈಟಿಗೆ ಸೆಂಟ್ರಿಂಗ್ ಸಾಮಾನು ಬೇಕಿತ್ತು. ಸ್ಲ್ಯಾಬ್ ಕೆಳಗೆ ಆಸರೆಗೆ ನಿಲ್ಲಿಸಿದ್ದ ಕಂಬವನ್ನು ಎಂಟನೇ ದಿನಕ್ಕೆ ಬಿಚ್ಚಿದರು. ಬಿಚ್ಚುವಾಗ ವಯಸ್ಸಾದ ಒಬ್ಬ ಕೆಲಸಗಾರ ಕೆಳಗೆ ನಿಂತು ಮೇಲೆ ಕೈಯಿಟ್ಟು ನೋಡಿ, ‘ಇನ್ನೂ ಹಸಿ ಇದೆ, ಇನ್ನೊಂದು ವಾರ ಬಿಡೋಣ’ ಅಂದರು. ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಅದು ಈಗಲೂ ಮನಸ್ಸಿನಲ್ಲಿ ಕುಟುಕುತ್ತದೆ. ಇವತ್ತಿಗೂ ನಮ್ಮ ತಾರಸಿಯ ನಡುವೆ ಮಳೆನೀರು ನಿಲ್ಲುತ್ತದೆ, ಫ್ಯಾನ್ ಹುಕ್ಕಿನ ಹತ್ತಿರ ತೊಟ್ಟಿಕ್ಕುತ್ತದೆ.

ಆಮೇಲೆ ಪುಸ್ತಕ ತೆಗೆದು ನೋಡಿದೆ. ನಮ್ಮ ದೇಶದ ಕಾಂಕ್ರೀಟ್ ನಿಯಮ, ಐಎಸ್ 456, 2000ರದ್ದು. ನಾಲ್ಕೂವರೆ ಮೀಟರ್, ಅಂದರೆ ಸುಮಾರು ಹದಿನೈದು ಅಡಿವರೆಗಿನ ಸ್ಲ್ಯಾಬ್‌ಗೆ ಕಂಬ ಏಳು ದಿನ ಇರಬೇಕು. ಅದಕ್ಕಿಂತ ಅಗಲ ಇದ್ದರೆ ಹದಿನಾಲ್ಕು ದಿನ. ಅದೂ ಸಾಮಾನ್ಯ ಸಿಮೆಂಟಿಗೆ. ಈಗ ಅಂಗಡಿಯಲ್ಲಿ ಸಿಗುವ ಬಹಳಷ್ಟು ಚೀಲ ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟು. ಅದು ನಿಧಾನವಾಗಿ ಗಟ್ಟಿಯಾಗುತ್ತದೆ, ನೀರುಣಿಸುವ ಕ್ಯೂರಿಂಗ್ ಕೂಡ ಹತ್ತು ದಿನಕ್ಕೆ ಕಡಿಮೆ ಆಗಬಾರದು. ಆ ಹಿರಿಯರಿಗೆ ನಿಯಮದ ಹೆಸರು ಗೊತ್ತಿರಲಿಲ್ಲ, ಆದರೆ ಉತ್ತರ ಗೊತ್ತಿತ್ತು. ಕೈಯಲ್ಲಿ ಒಂದು ಪುಸ್ತಕ, ಅದರಲ್ಲಿ ‘ಸ್ಲ್ಯಾಬ್ ಹಾಕಿದ ತಾರೀಕು ಇಂಥದು, ಕಂಬ ಬಿಚ್ಚಬೇಕಾದ್ದು ಇಂಥದು’ ಎಂದು ಬರೆದ ಒಂದು ಸಾಲು ಇದ್ದಿದ್ದರೆ ಅವರ ಮಾತು ನಡೆಯುತ್ತಿತ್ತು. ಬಾಯಿಮಾತನ್ನು ಕಾಂಟ್ರ್ಯಾಕ್ಟರ್ ತಳ್ಳಿಹಾಕಬಹುದು. ಬರೆದ ತಾರೀಕನ್ನು ಮನೆ ಯಜಮಾನನ ಎದುರು ತಳ್ಳಿಹಾಕುವುದು ಕಷ್ಟ.

ಅದಕ್ಕೇ ನಿಮಗೆ ಹೇಳುವುದು, ಸೂಪರ್‌ವೈಸರ್ ಎಂದರೆ ಕೂಗುವವನಲ್ಲ, ಲೆಕ್ಕ ಬರೆಯುವವನು. ಸ್ಲ್ಯಾಬ್ ದಿನದ ಒಂದು ಲೆಕ್ಕ ಹಿಡಿದು ತೋರಿಸುತ್ತೇನೆ. ಇದೊಂದು ಕೈವಶವಾದರೆ ಉಳಿದದ್ದು ನಿಧಾನವಾಗಿ ಬರುತ್ತದೆ.

ಮನೆ 36 ಅಡಿ ಉದ್ದ, 25 ಅಡಿ ಅಗಲ ಅಂದುಕೊಳ್ಳಿ. 900 ಚದರ ಅಡಿ. ದಪ್ಪ ಐದು ಇಂಚು. 900ನ್ನು ಐದರಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿ, 375 ಘನ ಅಡಿ ಕಾಂಕ್ರೀಟ್. ಒಂದು, ಒಂದೂವರೆ, ಮೂರು ಮಿಕ್ಸ್‌ನಲ್ಲಿ, ಅಂದರೆ ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಹಾಕಿದರೆ, ಒಂದು ಚೀಲ ಸಿಮೆಂಟಿನಿಂದ ಸುಮಾರು ನಾಲ್ಕೂವರೆ ಘನ ಅಡಿ ಕಾಂಕ್ರೀಟ್ ಬರುತ್ತದೆ. ಹಾಗಾದರೆ ಸುಮಾರು 84 ಚೀಲ. ಬೀಮ್ ಬೇರೆ ಲೆಕ್ಕ, ಅದನ್ನು ಇದರೊಳಗೆ ಸೇರಿಸಬೇಡಿ.

ಈಗ ಕೆಲಸ ಶುರುವಾಗುತ್ತದೆ. ಖಾಲಿ ಚೀಲ ಒಂದೂ ಬಿಡದೆ ಒಂದು ಕಡೆ ಹತ್ತು ಹತ್ತರ ಕಟ್ಟು ಮಾಡಿಸಿ ಇಡಿ. ಅರ್ಧ ಸ್ಲ್ಯಾಬ್ ಮುಗಿದಾಗ ಎಣಿಸಿ. 42 ಇರಬೇಕು. 36 ಮಾತ್ರ ಇದ್ದರೆ ಎರಡರಲ್ಲಿ ಒಂದು ನಡೆದಿದೆ. ಮಿಕ್ಸರ್‌ಗೆ ಜಲ್ಲಿ ಮರಳಿನ ಬಾಂಡ್ಲಿ ಜಾಸ್ತಿ ಬೀಳುತ್ತಿದೆ, ಇಲ್ಲವೇ ಸ್ಲ್ಯಾಬ್ ತೆಳ್ಳಗಾಗಿದೆ. ಮಿಕ್ಸ್ ಸರಿಯಿದ್ದು ಚೀಲ ಕಡಿಮೆಯಾಗಿದ್ದರೆ ದಪ್ಪ 4.3 ಇಂಚಿಗೆ ಇಳಿದಿದೆ ಎಂದು ಅರ್ಥ. ಒಂದು ಕಂಬಿ ತುಂಡಿಗೆ ಐದು ಇಂಚಿಗೆ ಗುರುತು ಮಾಡಿ ಹಸಿ ಕಾಂಕ್ರೀಟಿಗೆ ಚುಚ್ಚಿ ನೋಡಿ, ಗೊತ್ತಾಗುತ್ತದೆ. ಯಾವುದು ಎಂದು ಆಗಲೇ ಕಂಡುಕೊಳ್ಳಬೇಕು, ಮರುದಿನ ಕಂಡು ಪ್ರಯೋಜನ ಇಲ್ಲ.

ಚೀಲ 46, 48 ಆಗಿದ್ದರೆ? ಅದು ಇನ್ನೂ ಹೆದರಿಕೆಯ ವಿಷಯ. ಒಬ್ಬನನ್ನು ಮೇಲೆ ನಿಲ್ಲಿಸಿ, ನೀವು ಟಾರ್ಚ್ ಹಿಡಿದು ಕೆಳಗೆ ಹೋಗಿ. ಹಲಗೆ ಎಲ್ಲೋ ಜೋತಿರಬಹುದು, ಕಂಬ ಮಣ್ಣಿಗೆ ಇಳಿದಿರಬಹುದು. ನಮ್ಮ ಕಡೆಯ ಕೆಂಪು ಮಣ್ಣು ಒಂದು ಮಳೆ ಬಿದ್ದರೆ ಬೆಣ್ಣೆಯಾಗುತ್ತದೆ, ನಿಮಗೆ ನಾನು ಹೇಳಬೇಕಿಲ್ಲ. ಪ್ರತಿ ಕಂಬದ ಬುಡಕ್ಕೂ ಹಲಗೆ ತುಂಡು ಇದೆಯಾ ಎಂದು ಬೆಳಿಗ್ಗೆಯೇ ನೋಡಿರಬೇಕು. ಬೆಣೆ ಸಡಿಲ ಇದ್ದರೆ ತಟ್ಟಿದ ಶಬ್ದದಲ್ಲೇ ತಿಳಿಯುತ್ತದೆ. ಈ ಶಬ್ದ ಯಾವ ಕಾಲೇಜಿನಲ್ಲೂ ಕೇಳಿಸುವುದಿಲ್ಲ.

ನೀರಿನದ್ದೂ ಒಂದಿದೆ. ಕಾಂಕ್ರೀಟ್ ಎಳೆಯಲು ಸುಲಭ ಆಗಲಿ ಎಂದು ಮಿಕ್ಸರ್‌ನವನು ಪೈಪ್ ಬಿಡುತ್ತಾನೆ. ಇದೇ ಮಿಕ್ಸ್‌ಗೆ ಚೀಲಕ್ಕೆ ಮೂವತ್ತು ಲೀಟರ್ ಮೀರಬಾರದು. ಮರಳು ನೆನೆದಿದ್ದರೆ ಅದರಲ್ಲೇ ನೀರಿದೆ, ಇನ್ನೂ ಕಡಿಮೆ ಸಾಕು. ಪೈಪ್ ತೆಗೆಸಿ ಬಕೆಟ್ ಕೊಡಿಸಿ. ಮೊದಲ ದಿನ ಬೈಗುಳ ತಿನ್ನುತ್ತೀರಿ. ನಿನ್ನೆವರೆಗೆ ಪಕ್ಕದಲ್ಲಿ ಕೂತು ಬುತ್ತಿ ಉಂಡವರೇ ‘ಇವನೇನು ಈಗ ಸಾಹೇಬ ಆದ್ನಾ’ ಅನ್ನುತ್ತಾರೆ. ಆ ಮಾತು ಚುಚ್ಚುತ್ತದೆ. ಪೈಪ್ ಮಾತ್ರ ವಾಪಸ್ ಕೊಡಬೇಡಿ.

ನಿಮ್ಮ ತಮ್ಮನೂ ಇದೇ ದಾರಿಯಲ್ಲಿ ಬರಬಹುದು. ಟಿಪ್ಪರ್ ಓಡಿಸುವವರಿಗೆ ಸೊಂಟ ಹೋದಮೇಲೆ ಕೆಲಸ ಹುಡುಕುವುದು ತಡ. ಘಾಟಿ ರಸ್ತೆಯಲ್ಲಿ ದಿನವಿಡೀ ಸೀಟಿನ ಹೊಡೆತ ತಿಂದ ಬೆನ್ನು ಯಾವತ್ತು ಕೈಕೊಡುತ್ತದೆ ಎಂದು ಹೇಳಿ ಬರುವುದಿಲ್ಲ. ಮೇಲೆ ಹೇಳಿದ ಸ್ಲ್ಯಾಬ್‌ಗೆ ಮರಳು ಸುಮಾರು 157 ಘನ ಅಡಿ ಬೇಕು. ಟಿಪ್ಪರ್ ಬಾಡಿಯ ಒಳ ಅಳತೆ 10 ಅಡಿ, 6 ಅಡಿ, ಮರಳಿನ ಎತ್ತರ ಎರಡೂವರೆ ಅಡಿ ಅಂದರೆ 150. ಆದರೆ ಎತ್ತರ ನಡುವೆ ಅಳೆದರೆ ಎರಡೂವರೆ, ಮೂಲೆಯಲ್ಲಿ ಅಳೆದರೆ ಎರಡು ಅಡಿಯೂ ಇರುವುದಿಲ್ಲ. ನಾಲ್ಕು ಮೂಲೆ, ಒಂದು ನಡು, ಐದು ಕಡೆ ಕಂಬಿ ಚುಚ್ಚಿ ಸರಾಸರಿ ತೆಗೆಯಬೇಕು. ಸರಾಸರಿ 2 ಬಂದರೆ ಲೋಡು 120ಕ್ಕೆ ಇಳಿಯಿತು. ಒದ್ದೆ ಮರಳು ಉಬ್ಬಿಕೊಂಡಿರುತ್ತದೆ, ಅಲ್ಲೂ ಮೋಸ ಹೋಗಬಹುದು. ಲೋಡು ಎಲ್ಲಿ ಕಡಿಮೆಯಾಗುತ್ತದೆ ಎಂದು ತಂದವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಾಮಾನು ಇಳಿಸಿಕೊಳ್ಳುವ ಕಡೆ, ಗಾಡಿಗಳ ಟ್ರಿಪ್ ಮತ್ತು ಡೀಸೆಲ್ ಪುಸ್ತಕ ಬರೆಯುವ ಕಡೆ ಡ್ರೈವರ್ ಆಗಿದ್ದವರು ಕೂತರೆ ಲೆಕ್ಕ ತಪ್ಪಿಸುವುದು ಕಷ್ಟ. ಈಗಿನ ಗಾಡಿಯ ಟ್ರಿಪ್, ಕಿಲೋಮೀಟರ್, ಹಾಕಿಸಿದ ಡೀಸೆಲ್ ಇವತ್ತಿನಿಂದಲೇ ಬರೆಯಲಿ. ಕೆಲಸ ಕೇಳಲು ಹೋದಾಗ ಆ ಪುಸ್ತಕವೇ ಸರ್ಟಿಫಿಕೇಟ್.

ಇನ್ನು ದುಡ್ಡಿನ ವಿಷಯ. 18,000 ಕಡಿಮೆ ಎಂದು ನಿಮಗೆ ಅನ್ನಿಸಿರಬೇಕು. ಮಳೆ ಇಲ್ಲದ ಎಂಟು ತಿಂಗಳು 25 ದಿನದಂತೆ ಕೆಲಸ ಆದರೆ ತಿಂಗಳಿಗೆ 22,500, ಒಟ್ಟು 1,80,000. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮಗೆ ತಿಂಗಳಿಗೆ 12 ದಿನ ಸಿಕ್ಕರೆ ಹೆಚ್ಚು ಅಂದುಕೊಳ್ಳೋಣ, ಅದು ನಾಲ್ಕು ತಿಂಗಳಿಗೆ 43,200. ವರ್ಷಕ್ಕೆ 2,23,200. ಸಂಬಳ ಹನ್ನೆರಡು ತಿಂಗಳೂ ಬಂದರೆ 2,16,000. ವ್ಯತ್ಯಾಸ 7,200 ರೂಪಾಯಿ. ಬೆರಳಿನ ಜೋಮಿಗೆ ಹೋಲಿಸಿದರೆ ಏನೂ ಅಲ್ಲ, ಆ ಬೆರಳನ್ನು ಮೊದಲು ಡಾಕ್ಟರಿಗೆ ತೋರಿಸಿ. ಆದರೆ ಮಳೆಗಾಲದಲ್ಲಿ ‘ಕೆಲಸ ಇಲ್ಲ, ಸಂಬಳ ಇಲ್ಲ’ ಅಂದರೆ 1,44,000 ಮಾತ್ರ ಕೈಗೆ ಬರುತ್ತದೆ. ಆಗ ಒಪ್ಪಬೇಡಿ.

ಇಷ್ಟು ಬರೆಯುವಾಗ ನನಗೆ ಸಿಟ್ಟೂ ಬರುತ್ತದೆ. ನಮ್ಮ ಅಪ್ಪನ ತೋಟದಲ್ಲಿ ಅಡಿಕೆ ಕೊನೆ ತೆಗೆಯುತ್ತಿದ್ದವರಿಗೆ ಮರ ಹತ್ತಲು ಆಗದ ವಯಸ್ಸು ಬಂದಾಗ ಅಡಿಕೆ ಬೇಯಿಸುವ ಹಂಡೆಯ ಮುಂದೆ ಕೂರಿಸುತ್ತಿದ್ದರು. ಚೊಗರಿನ ಬಣ್ಣ, ಅಡಿಕೆಯ ಹದ ನೋಡುವ ಜವಾಬ್ದಾರಿ ಅವರದ್ದು. ಅಪ್ಪನೂ ಅವರ ಮಾತು ಮೀರುತ್ತಿರಲಿಲ್ಲ. ಊರಿನ ಕಟ್ಟಡ ಕೆಲಸದಲ್ಲಿ ಆ ಹಂಡೆಯ ಮುಂದಿನ ಜಾಗವೇ ಇಲ್ಲ. ಐವತ್ತು ಕೆ.ಜಿ. ಚೀಲ ಹೊರುವಷ್ಟು ದಿನ ಬೇಕು, ಆಮೇಲೆ ‘ನಾಳೆಯಿಂದ ಬೇಡ’. ಅಡಿಕೆ ಮಂಡಿಯಲ್ಲಿ ಕಾಲು ಕೆ.ಜಿ. ತೂಕಕ್ಕೆ ಜಗಳ ಆಡುವ ನಾವೇ, ಜೀವಮಾನದ ದುಡ್ಡು ಹಾಕಿ ಕಟ್ಟಿಸುವ ಮನೆಯ ಚೀಲ ಎಣಿಸುವುದಿಲ್ಲ. ಎಣಿಸಬಲ್ಲವರನ್ನು ಮನೆಗೆ ಕಳಿಸಿರುತ್ತೇವೆ.

ಕಾನೂನಿನಲ್ಲೂ ಒಂದು ಮುಳ್ಳಿದೆ. ನಿಮ್ಮ ಹತ್ತಿರ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇರಬೇಕು. ವರ್ಷದಲ್ಲಿ 90 ದಿನ ಕೆಲಸ ಮಾಡಿದ, 18ರಿಂದ 60 ವರ್ಷದವರಿಗೆ ಕೊಡುವ ಕಾರ್ಡ್ ಅದು. ಅರವತ್ತರ ನಂತರದ ಪಿಂಚಣಿಯೂ ಅದರ ಮೇಲೆ ನಿಂತಿದೆ. ಮೇಲ್ವಿಚಾರಣೆ ಕೆಲಸದಲ್ಲಿದ್ದು ಗೊತ್ತುಪಡಿಸಿದ ಮಿತಿಗಿಂತ ಜಾಸ್ತಿ ಸಂಬಳ ಪಡೆಯುವವರನ್ನು 1996ರ ಕಾಯ್ದೆ ಕಟ್ಟಡ ಕಾರ್ಮಿಕರ ಲೆಕ್ಕದಿಂದ ಹೊರಗಿಟ್ಟಿತ್ತು. ಇಪ್ಪತ್ತು ವರ್ಷ ಹೊತ್ತವನು ಒಂದು ಮೆಟ್ಟಿಲು ಹತ್ತಿದ ಕೂಡಲೇ ಕಾರ್ಮಿಕ ಅಲ್ಲ ಅಂದರೆ ಏನು ನ್ಯಾಯ ಹೇಳಿ?

ಹಾಗಾಗಿ ಕಾಂಟ್ರ್ಯಾಕ್ಟರ್‌ಗೆ ಹೂಂ ಅನ್ನುವ ಮೊದಲು ಕಾರ್ಮಿಕ ಇಲಾಖೆಯ ಕಚೇರಿಗೆ ಕಾರ್ಡ್ ತೆಗೆದುಕೊಂಡು ಹೋಗಿ. ‘ಸೂಪರ್‌ವೈಸರ್ ಸಂಬಳ 18,000 ಆದರೆ ನನ್ನ ಕಾರ್ಡ್ ಏನಾಗುತ್ತದೆ’ ಎಂದು ಕೇಳಿ, ಉತ್ತರವನ್ನು ಬರೆಸಿಕೊಂಡು ಬನ್ನಿ. ಆಮೇಲೆ ಕಾಂಟ್ರ್ಯಾಕ್ಟರ್ ಹತ್ತಿರ ಮಳೆಗಾಲದ ನಾಲ್ಕು ತಿಂಗಳ ಸಂಬಳದ ಮಾತನ್ನೂ ಕಾಗದದ ಮೇಲೆ ಹಾಕಿಸಿಕೊಳ್ಳಿ. ಮುಂದಿನ ಸ್ಲ್ಯಾಬ್ ಇದ್ದಾಗ ಎಷ್ಟು ಚದರ ಅಡಿ, ಅರ್ಧಕ್ಕೆ ಎಷ್ಟು ಚೀಲ, ಕೊನೆಗೆ ಎಷ್ಟು ಎಂದು ನನಗೊಂದು ಪೋಸ್ಟ್ ಕಾರ್ಡ್ ಹಾಕಿ. ನಾನೂ ಕೂತು ಗುಣಿಸಿ ನೋಡುತ್ತೇನೆ.

— ಸಂಪಾದಕ