ಆಯುಷ್ಯ ರೇಖೆಯ ಮೇಲಿನ ನಕ್ಷತ್ರ ನಿಜವಾಗಿ ನಕ್ಷತ್ರವೇ?

ಪ್ರಶ್ನೆ: ನನ್ನ ಬಲಗೈಯ ಆಯುಷ್ಯ ರೇಖೆಯ ನಡುವೆ ನಕ್ಷತ್ರ, ಅದರ ಕೆಳಗೆ ದ್ವೀಪ ಕಾಣಿಸುತ್ತಿದೆ. ಎರಡೂ ಅಶುಭ ಎಂದು ಓದಿದೆ. ಹೆದರಬೇಕೆ?

ಹೆದರುವ ಮೊದಲು ಅವು ನಕ್ಷತ್ರ ಮತ್ತು ದ್ವೀಪ ಹೌದೋ ಅಲ್ಲವೋ ಎಂದು ಪರೀಕ್ಷಿಸಿ. ಹೊಸಬರಿಗೆ ಕಾಣುವ ಇಂಥ ಗುರುತುಗಳಲ್ಲಿ ಹೆಚ್ಚಿನವು ಗೆರೆಗಳು ಒಂದನ್ನೊಂದು ಹಾಯ್ದು ಆದ ಆಕಸ್ಮಿಕ ಆಕೃತಿಗಳು. ಸಾಮುದ್ರಿಕದಲ್ಲಿ ನಕ್ಷತ್ರವೆಂದರೆ ಕನಿಷ್ಠ ಮೂರು ಗಿಡ್ಡ ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡಿ, ತಾವೇ ಸ್ವತಂತ್ರವಾಗಿ ನಿಂತ ಗುರುತು. ಆಯುಷ್ಯ ರೇಖೆಯನ್ನು ಮನಸ್ಸಿನಲ್ಲೇ ಅಳಿಸಿ ನೋಡಿ. ಉಳಿಯುವುದು ಹೆಬ್ಬೆರಳಿನ ಬುಡದಿಂದ ಬಂದು ರೇಖೆಯನ್ನು ಅಡ್ಡಹಾಯುವ ಎರಡು ಎಳೆಗಳಷ್ಟೇ ಆದರೆ, ಅವು ರಾಹು ರೇಖೆಗಳೆಂದು ಕರೆಯಲಾಗುವ ಸಾಮಾನ್ಯ ಅಡ್ಡಗೆರೆಗಳು, ನಕ್ಷತ್ರವಲ್ಲ. ಶಿಲುಬೆ, ಚೌಕ, ತ್ರಿಕೋನಗಳಿಗೂ ಇದೇ ಪರೀಕ್ಷೆ: ಮುಖ್ಯ ರೇಖೆಯೇ ಒಂದು ಭುಜವಾಗಿದ್ದರೆ ಅದನ್ನು ಬಿಡಿ ಗುರುತೆಂದು ಓದುವುದಿಲ್ಲ. ತುಂಡಾದ ರೇಖೆಯನ್ನು ಸುತ್ತುವರಿದು ಕಾಪಾಡುವ ಚೌಕವೂ ತನ್ನದೇ ನಾಲ್ಕು ಭುಜಗಳಿಂದ ಆಗಿರಬೇಕು.

ದ್ವೀಪದ ವಿಷಯ ಇನ್ನೂ ಸೂಕ್ಷ್ಮ. ರೇಖೆ ಎರಡಾಗಿ ಸೀಳಿ ಮತ್ತೆ ಒಂದಾಗಬೇಕು. ಒಂದು ತುದಿ ತೆರೆದೇ ಇದ್ದರೆ ಅದು ಕವಲು. ಬೆಳಕನ್ನು ನೇರವಾಗಿ ಮೇಲಿನಿಂದ ಬಿಟ್ಟರೆ ಈ ತುದಿ ಮುಚ್ಚಿದಂತೆ ತೋರಬಹುದು. ಟಾರ್ಚನ್ನು ಕೈಯ ಪಕ್ಕದಿಂದ ಓರೆಯಾಗಿ ಹಿಡಿದು, ಅಂಗೈಯನ್ನು ಒಮ್ಮೆ ಸ್ವಲ್ಪ ಮಡಚಿ, ಒಮ್ಮೆ ಚಾಚಿ ನೋಡಬೇಕು. ನನಗಂತೂ ಸ್ಟಾಂಪ್ ಪ್ಯಾಡಿನ ಶಾಯಿ ಹಚ್ಚಿ ಬಿಳಿ ಹಾಳೆಗೆ ಒತ್ತಿದ ಅಚ್ಚಿನ ಮೇಲೆಯೇ ನಂಬಿಕೆ ಹೆಚ್ಚು. ಇನ್ನೊಂದು ಗೊಂದಲವೂ ಇದೆ: ಪಾಶ್ಚಾತ್ಯ ಪದ್ಧತಿ ರೇಖೆಯ ಮೇಲಿನ ದ್ವೀಪವನ್ನು ದೌರ್ಬಲ್ಯವೆನ್ನುತ್ತದೆ, ನಮ್ಮಲ್ಲಿ ಹೆಬ್ಬೆರಳಿನ ಗಿಣ್ಣಿನ ಮೇಲಿನ, ಬಾರ್ಲಿ ಕಾಳಿನಂಥ ಅದೇ ಆಕಾರಕ್ಕೆ ಯವ ಎಂದು ಹೆಸರು, ಅದು ಶುಭ. ಒಂದರ ಫಲವನ್ನು ಇನ್ನೊಂದಕ್ಕೆ ಹಚ್ಚುವಂತಿಲ್ಲ.

ಕಲಿಯುತ್ತಿದ್ದಾಗ ನಾನೇ ಎಡವಿದ್ದೆ. ನಮ್ಮ ಸೋದರತ್ತೆಯ ಕೈಯಲ್ಲಿ ಹೃದಯ ರೇಖೆಗೂ ಬುದ್ಧಿ ರೇಖೆಗೂ ನಡುವೆ ಶಿಲುಬೆಯಿದೆ, ಗೂಢವಿದ್ಯೆಯ ಯೋಗವಿದೆ ಎಂದು ಗಂಭೀರವಾಗಿ ಸಾರಿದೆ. ಎರಡು ದಿನ ಅವರು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಮೇಲೆ ನೋಡಿದರೆ ಶಿಲುಬೆಯ ಎರಡು ಗೆರೆಗಳಲ್ಲಿ ಒಂದು ಇರಲೇ ಇಲ್ಲ! ಪಾತ್ರೆ ತಿಕ್ಕಿ ಒಣಗಿದ ಚರ್ಮದ ಬಿರುಕನ್ನು ನಾನು ರೇಖೆಯೆಂದು ಓದಿದ್ದೆ. ಉಳಿದದ್ದು ಭಾಗ್ಯರೇಖೆಯ ತುಣುಕು ಮಾತ್ರ.

ಅಂಗೈಯ ದೊಡ್ಡ ಮಡಿಕೆಗಳು ಗರ್ಭದಲ್ಲೇ ಮೂಡುತ್ತವೆ. ಅವುಗಳ ಮೇಲಿನ ಗುರುತಿನಿಂದ ಆಯುಸ್ಸು ತಿಳಿಯುತ್ತದೆ ಎಂಬುದಕ್ಕೆ ವೈದ್ಯಕೀಯ ಆಧಾರವಿಲ್ಲ, ಆದ್ದರಿಂದ ಆರೋಗ್ಯದ ಚಿಂತೆಯಿದ್ದರೆ ವೈದ್ಯರಲ್ಲಿಗೆ ಹೋಗಿ. ಸಾಮುದ್ರಿಕದ ಕುತೂಹಲಕ್ಕಾದರೆ, ಇಂದು ಒಂದು ಅಚ್ಚು ತೆಗೆದಿಟ್ಟು, ಎಣ್ಣೆ ಹಚ್ಚಿ ಒಂದು ವಾರದ ನಂತರ ಇನ್ನೊಂದನ್ನು ತೆಗೆದು, ಎರಡರಲ್ಲೂ ಆ ಮೂರು ಗೆರೆಗಳು ಅದೇ ಬಿಂದುವಿನಲ್ಲಿ ಕೂಡಿವೆಯೇ ಎಂದು ಎಣಿಸಿ.