18 ಗಂಟೆಗೆ 11, 72 ಗಂಟೆಗೆ 13: ಬೆಳಕು ಯಾವ ಮಗುವಿಗೆ?

ಪ್ರಶ್ನೆ: ನಾನು ಎಂಬಿಬಿಎಸ್ ಅಂತಿಮ ವರ್ಷದಲ್ಲಿದ್ದೇನೆ. ಅಭ್ಯಾಸ ಪತ್ರಿಕೆಯೊಂದರಲ್ಲಿ ತುಂಬು ತಿಂಗಳ ಎರಡು ಶಿಶುಗಳಿವೆ. 18 ಗಂಟೆಯ ಮಗುವಿಗೆ ಬಿಲಿರುಬಿನ್ ಡೆಸಿಲೀಟರಿಗೆ 11 ಮಿಲಿಗ್ರಾಂ, ರಕ್ತದ ಗುಂಪು ತಾಯಿಯದು ಓ, ಮಗುವಿನದು ಎ. 72 ಗಂಟೆಯ ಮಗುವಿಗೆ 13, ಗುಂಪಿನ ವ್ಯತ್ಯಾಸವಿಲ್ಲ. ಫೋಟೊಥೆರಪಿ ಮೊದಲನೆಯದಕ್ಕೆ ಮಾತ್ರವಂತೆ. ಹೆಚ್ಚಿರುವುದು ಎರಡನೆಯದಕ್ಕಲ್ಲವೇ?

ಉತ್ತರ: ನಾನು ವಾರ್ಡಿನಲ್ಲಿ ವಿದ್ಯಾರ್ಥಿಗಳಿಗೆ ಬಿಲಿರುಬಿನ್ ಎಷ್ಟೆಂದು ಕೇಳುವ ಮೊದಲು ಮಗು ಹುಟ್ಟಿ ಎಷ್ಟು ಗಂಟೆಯಾಯಿತೆಂದು ಕೇಳುತ್ತೇನೆ. ದಿನಗಳ ಲೆಕ್ಕ ಇಲ್ಲಿ ಸಾಲದು.

ನವಜಾತ ಶಿಶುವಿನ ಕೆಂಪು ರಕ್ತಕಣಗಳು ನಮ್ಮವಕ್ಕಿಂತ ಬೇಗ ಒಡೆಯುತ್ತವೆ, ಒಡೆದಾಗ ಹುಟ್ಟುವ ಬಿಲಿರುಬಿನ್ನನ್ನು ಸಂಯೋಜಿಸಿ ಹೊರಹಾಕುವ ಯಕೃತ್ತಿನ ಕಿಣ್ವ ಇನ್ನೂ ಬಲಿತಿರುವುದಿಲ್ಲ. ಈ ಎರಡು ಕಾರಣಗಳಿಂದ ಬರುವ ಸಹಜ ಕಾಮಾಲೆ ನಿಧಾನವಾಗಿ ಏರುವುದರಿಂದ ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ದಿನ ಕಣ್ಣಿಗೆ ಬೀಳುತ್ತದೆ. ಮೊದಲ 24 ಗಂಟೆಗಳಲ್ಲೇ ಹಳದಿ ಕಂಡರೆ ರಕ್ತಕಣಗಳು ಅಸಹಜ ವೇಗದಲ್ಲಿ ಒಡೆಯುತ್ತಿವೆಯೆಂದೇ ಶಂಕಿಸಬೇಕು.

ಮೊದಲ ಮಗುವಿನ ಹೊಕ್ಕುಳಬಳ್ಳಿಯ ರಕ್ತದಲ್ಲಿ ಬಿಲಿರುಬಿನ್ 2 ಮಿಲಿಗ್ರಾಂ ಇತ್ತೆಂದು ಭಾವಿಸೋಣ. 18 ಗಂಟೆಗಳಲ್ಲಿ 9 ಏರಿದೆ, ಅಂದರೆ ಗಂಟೆಗೆ 0.5. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2022ರ ಮಾರ್ಗಸೂಚಿಯ ಪ್ರಕಾರ ಮೊದಲ ದಿನ ಗಂಟೆಗೆ 0.3 ಅಥವಾ ಅದಕ್ಕಿಂತ ಹೆಚ್ಚಿನ ಏರಿಕೆಯೇ ರಕ್ತಕಣ ನಾಶದ ಸುಳಿವು. ತಾಯಿ ಓ, ಮಗು ಎ ಎಂಬ ಮಾಹಿತಿಯನ್ನು ಪ್ರಶ್ನೆಪತ್ರಿಕೆ ಸುಮ್ಮನೆ ಕೊಟ್ಟಿಲ್ಲ: ತಾಯಿಯ ಪ್ರತಿಕಾಯಗಳು ಮಾಸು ದಾಟಿ ಮಗುವಿನ ರಕ್ತಕಣಗಳನ್ನು ಒಡೆಯುತ್ತಿರಬಹುದು. ಆದರೆ ಎಬಿಓ ಹೊಂದಾಣಿಕೆಯಿಲ್ಲದಿರುವಾಗ ಡೈರೆಕ್ಟ್ ಕೂಂಬ್ಸ್ ಪರೀಕ್ಷೆ ದುರ್ಬಲವಾಗಿ ಬರಬಹುದು, ಕೆಲವೊಮ್ಮೆ ನೆಗೆಟಿವ್ ಕೂಡ ಬರಬಹುದು. ಹಾಗಾಗಿ ಅದೊಂದನ್ನೇ ನಂಬಿ ಸುಮ್ಮನಾಗದೆ ಹಿಮೋಗ್ಲೋಬಿನ್ ಇಳಿಯುತ್ತಿದೆಯೇ, ಸ್ಮಿಯರ್‌ನಲ್ಲಿ ಸ್ಫೆರೋಸೈಟ್‌ಗಳಿವೆಯೇ ಎಂದೂ ನೋಡಬೇಕು.

ಇನ್ನು ಮಿತಿಯ ಮಾತು. ಬ್ರಿಟನ್ನಿನ ನೈಸ್ ಮಾರ್ಗಸೂಚಿಯಲ್ಲಿ 38 ವಾರ ತುಂಬಿದ ಮಗುವಿಗೆ ಫೋಟೊಥೆರಪಿಯ ಗೆರೆ 18 ಗಂಟೆಗೆ ಲೀಟರಿಗೆ 175 ಮೈಕ್ರೋಮೋಲ್, 72 ಗಂಟೆಗೆ 300. ಇವನ್ನು 17.1ರಿಂದ ಭಾಗಿಸಿದರೆ ಡೆಸಿಲೀಟರಿಗೆ ಸುಮಾರು 10.2 ಮತ್ತು 17.5 ಮಿಲಿಗ್ರಾಂ. ಮೊದಲ ಮಗು ಗೆರೆ ದಾಟಿದೆ, ಎರಡನೆಯದು ಬಹಳ ಕೆಳಗಿದೆ. ಎರಡನೆಯದಕ್ಕೆ ಹಾಲು ಸಾಕಷ್ಟು ಸಿಗುತ್ತಿದೆಯೇ, ತೂಕ ಎಷ್ಟು ಇಳಿದಿದೆ ಎಂದು ನೋಡುವುದೇ ಮುಖ್ಯ. (ಎಳೆಬಿಸಿಲಿಗೆ ಹಿಡಿಯಬೇಕೇ ಎಂದು ಅಜ್ಜಿಯಂದಿರು ಕೇಳುತ್ತಾರೆ, ಅದು ಚಿಕಿತ್ಸೆಯಲ್ಲ.) ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ಗೆರೆ ಇನ್ನೂ ಕೆಳಗಿರುತ್ತದೆ.

ಚಿಕಿತ್ಸೆ ಶುರುವಾದ ಮೇಲೆ ಬಣ್ಣ ನೋಡಿ ತೀರ್ಮಾನಿಸಬೇಡಿ, ಏಕೆಂದರೆ ನೀಲಿ ಬೆಳಕಿಗೆ ಚರ್ಮದ ಹಳದಿ ಬೇಗ ಮಾಸುತ್ತದೆ, ರಕ್ತದಲ್ಲಿನ ಮಟ್ಟ ಮಾತ್ರ ಏರುತ್ತಲೇ ಇರಬಹುದು. 4ರಿಂದ 6 ಗಂಟೆಗಳೊಳಗೆ ರಕ್ತ ಪರೀಕ್ಷೆಯನ್ನು ಮತ್ತೆ ಮಾಡಿಸಿ. ಗೆರೆಗಿಂತ ಕನಿಷ್ಠ 50 ಮೈಕ್ರೋಮೋಲ್, ಅಂದರೆ ಸುಮಾರು 3 ಮಿಲಿಗ್ರಾಂ ಕೆಳಗಿಳಿದ ಮೇಲೆ ಬೆಳಕು ನಿಲ್ಲಿಸಿ, 12ರಿಂದ 18 ಗಂಟೆಗಳ ನಂತರ ಅದು ಮತ್ತೆ ಏರಿದೆಯೇ ಎಂದು ನೋಡಬೇಕು. ರಕ್ತಕಣ ಒಡೆಯುವ ಮೊದಲ ಮಗುವಿನಂಥವರಲ್ಲಿ ಈ ಕೊನೆಯ ಪರೀಕ್ಷೆಯನ್ನು ನಾನು ಎಂದೂ ಬಿಡುವುದಿಲ್ಲ.