ತೊಗರಿ ರೇಟಿನಿಂದ ವೇಗೋತ್ಕರ್ಷದವರೆಗೆ

ಓದುಗರ ಪತ್ರ: "ನಾನು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ವಿಜ್ಞಾನ ಶಿಕ್ಷಕಿ. ನಮ್ಮದು ಕನ್ನಡ ಮಾಧ್ಯಮ. ಹತ್ತನೇ ತರಗತಿ ಮುಗಿಸಿದ ಮಕ್ಕಳಿಗೆ 400 ಪದಗಳ ಕನ್ನಡ–ಇಂಗ್ಲಿಷ್ ಪಟ್ಟಿ ಮಾಡಿ ಕೊಟ್ಟೆ. ಪಾಪ, ಬಾಯಿಪಾಠ ಮಾಡಿದರು. ಈಗ ಕಲಬುರಗಿಯಲ್ಲಿ ಪಿಯುಸಿ ಸೈನ್ಸ್ ಸೇರಿದವರು ಫೋನ್ ಮಾಡಿ 'ಏನೂ ತಿಳಿವಲ್ದು ಟೀಚರ್' ಅಂತಾರೆ. ಪಟ್ಟಿಯಲ್ಲಿ ಏನು ತಪ್ಪಾಯಿತು? ಮುಂದಿನ ಬ್ಯಾಚಿಗೆ ಏನು ಮಾಡಲಿ?"

ಸಂಪಾದಕರ ಉತ್ತರ:

ಮೇಡಂ, ಶರಣು.

ನಿಮ್ಮ ಪಟ್ಟಿಯಲ್ಲಿ ತಪ್ಪು ಪದಗಳಿಲ್ಲ. ಆದರೆ ಮಕ್ಕಳು ಎಡವುವ ಪದಗಳು ಅದರಲ್ಲಿ ಇಲ್ಲ. ಫೋಟೋಸಿಂಥೆಸಿಸ್, ಮೈಟೋಕಾಂಡ್ರಿಯಾ ಥರದ ಉದ್ದ ಪದಗಳು ಹೊಸ ಊರಿನ ಹೆಸರಿದ್ದ ಹಾಗೆ. ಒಂದು ವಾರ ಕಿವಿಗೆ ಬಿದ್ದರೆ ಕೂರುತ್ತವೆ. ಅವು ಹೊಸವು ಅಂತ ಮಗುವಿಗೇ ಗೊತ್ತಿರುತ್ತದೆ. ಹಾಗಾಗಿ ಕೇಳಿ ತಿಳಿದುಕೊಳ್ಳುತ್ತದೆ. ಕೈಕೊಡುವವು ಮಗುವಿಗೆ ಮೊದಲೇ ಗೊತ್ತಿರುವ ಸಣ್ಣ ಪದಗಳು.

ಒಂದು ಲೆಕ್ಕ ನೋಡೋಣ. ಪಿಯು ಮೊದಲ ವರ್ಷದ ಮೊದಲ ತಿಂಗಳಲ್ಲೇ ಇಂಥದ್ದು ಬರುತ್ತದೆ. ಉಪನ್ಯಾಸಕರು ಓದುವ ಹಾಗೆಯೇ ಬರೆಯುತ್ತೇನೆ: "ಎ ಕಾರ್ ಸ್ಟಾರ್ಟಿಂಗ್ ಫ್ರಮ್ ರೆಸ್ಟ್ ಅಕ್ವೈರ್ಸ್ ಎ ವೆಲಾಸಿಟಿ ಆಫ್ 15 ಮೀಟರ್ ಪರ್ ಸೆಕೆಂಡ್ ಇನ್ 10 ಸೆಕೆಂಡ್ಸ್. ಅಸ್ಯೂಮಿಂಗ್ ಯೂನಿಫಾರ್ಮ್ ಆಕ್ಸಲರೇಷನ್, ಫೈಂಡ್ ದ ಡಿಸ್ಟೆನ್ಸ್ ಕವರ್ಡ್."

ಇದರಲ್ಲಿ ನಿಮ್ಮ ಪಟ್ಟಿಯ ಪದಗಳು ಮೂರು: ವೆಲಾಸಿಟಿ, ಆಕ್ಸಲರೇಷನ್, ಡಿಸ್ಟೆನ್ಸ್. ಮೂರೂ ಮಗುವಿಗೆ ಗೊತ್ತು. ಸರಿಯಾಗಿ v = 15, t = 10 ಅಂತ ಬರೆಯುತ್ತದೆ. v = u + at ಸೂತ್ರವನ್ನೂ ಬರೆಯುತ್ತದೆ. ಅಲ್ಲಿಗೆ ಪೆನ್ನು ನಿಲ್ಲುತ್ತದೆ. u ಎಲ್ಲಿದೆ? ಲೆಕ್ಕದಲ್ಲಿ ಕೊಟ್ಟೇ ಇಲ್ಲವಲ್ಲ!

ಕೊಟ್ಟಿದ್ದಾರೆ. "ಫ್ರಮ್ ರೆಸ್ಟ್" ಅನ್ನೋ ಎರಡು ಪದಗಳಲ್ಲಿ ಕೊಟ್ಟಿದ್ದಾರೆ. ಮಗು "ರೆಸ್ಟ್" ಅಂದರೆ ಊಟ ಆದ ಮೇಲೆ ಅಪ್ಪ ತಗೊಳ್ಳುವ ರೆಸ್ಟ್ ಅಂದುಕೊಂಡಿದೆ. "ಯೂನಿಫಾರ್ಮ್" ಅಂದರೆ ಶಾಲೆಯ ಬಟ್ಟೆ. ಈ ಎರಡನ್ನೂ ಪಟ್ಟಿಗೆ ಸೇರಿಸಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ಗೊತ್ತಿರುವ ಪದಗಳೇ, ಅಲ್ವಾ?

ಅದೇ ಮಗುವಿಗೆ ಇದನ್ನೇ ಕನ್ನಡದಲ್ಲಿ ಹೇಳಿ: ನಿಂತಿದ್ದ ಕಾರು ಹೊರಟು, ಒಂದೇ ಸಮನೆ ವೇಗ ಹೆಚ್ಚಿಸಿಕೊಳ್ಳುತ್ತಾ, 10 ಸೆಕೆಂಡಿನಲ್ಲಿ ಸೆಕೆಂಡಿಗೆ 15 ಮೀಟರ್ ವೇಗ ಮುಟ್ಟಿತು, ಎಷ್ಟು ದೂರ ಹೋಯಿತು? ನಿಂತಿದ್ದ ಅಂದ ಕೂಡಲೇ u = 0 ಅಂತ ಬರೆಯುತ್ತದೆ. 15 ಅನ್ನು 10ರಿಂದ ಭಾಗಿಸಿ a = 1.5 ಅನ್ನುತ್ತದೆ. s = ½at² ಸೂತ್ರಕ್ಕೆ ಹಾಕಿ 75 ಮೀಟರ್ ಅಂತ ಉತ್ತರ ಕೊಡುತ್ತದೆ. ಭೌತಶಾಸ್ತ್ರ ಅದಕ್ಕೆ ಬರುತ್ತದೆ. ನೀವು ಚೆನ್ನಾಗಿಯೇ ಕಲಿಸಿದ್ದೀರಿ.

ಫೋನ್ ಮಾಡುವ ಮಕ್ಕಳಿಗೆ ಮೊದಲು ಮಾಡಿಸಬೇಕಾದ ಪರೀಕ್ಷೆಯೂ ಇದೇ. ಐದು ಲೆಕ್ಕ ಇಂಗ್ಲಿಷಿನಲ್ಲಿ ಕೊಡಿ. ಎರಡು ದಿನ ಬಿಟ್ಟು ಅವೇ ಐದನ್ನು ಅಂಕಿ ಬದಲಿಸಿ ಕನ್ನಡದಲ್ಲಿ ಕೊಡಿ. ಕನ್ನಡದಲ್ಲಿ ಮಾಡಿ ಇಂಗ್ಲಿಷಿನಲ್ಲಿ ನಿಂತರೆ ತೊಡಕು ಭಾಷೆಯದು. ಎರಡರಲ್ಲೂ ನಿಂತರೆ ಪಾಠವೇ ಕೂತಿಲ್ಲ ಅಂತ ಅರ್ಥ. ಅಂಥ ಮಗುವಿಗೆ ಎಷ್ಟು ಪದ ಕೊಟ್ಟರೂ ಉಪಯೋಗವಿಲ್ಲ, ಒಂಬತ್ತನೇ ತರಗತಿಯ ಚಲನೆಯ ಪಾಠಕ್ಕೇ ವಾಪಸ್ ಹೋಗಬೇಕು. ಈ ಎರಡನ್ನೂ ಒಂದೇ ಅಂದುಕೊಂಡು ಸುಮ್ನೆ ಇಂಗ್ಲಿಷ್ ಟ್ಯೂಷನ್ನಿಗೆ ಹಾಕುವವರು ಜಾಸ್ತಿ.

ನನ್ನದೇ ಒಂದು ಅನುಭವ ಹೇಳುತ್ತೇನೆ. ನಾನೂ ಹತ್ತರವರೆಗೆ ಕನ್ನಡದಲ್ಲೇ ಓದಿದವನು. ಪಿಯುಸಿಯಲ್ಲಿ ಬೆಳಕಿನ ಪಾಠ ನಡೆದಾಗ ಉಪನ್ಯಾಸಕರು ಮತ್ತೆ ಮತ್ತೆ "ನಾರ್ಮಲ್" ಅನ್ನುತ್ತಿದ್ದರು. ನಾರ್ಮಲ್ ಅಂದರೆ ಮಾಮೂಲಿ ಅಂತ ನನಗೆ ಗೊತ್ತಿತ್ತು. ಮಾಮೂಲಿ ಗೆರೆ ಅಂದರೆ ಕನ್ನಡಿಯ ಗೆರೆಯೇ ಇರಬೇಕು ಅಂದುಕೊಂಡು, ಕೋನವನ್ನೆಲ್ಲ ಕನ್ನಡಿಯಿಂದಲೇ ಅಳೆದೆ. 30 ಬರಬೇಕಾದಲ್ಲಿ 60 ಬರುತ್ತಿತ್ತು, 50 ಬರಬೇಕಾದಲ್ಲಿ 40. ನನ್ನ ಉತ್ತರ ಮತ್ತು ಸರಿಯುತ್ತರ ಕೂಡಿಸಿದರೆ ಪ್ರತಿ ಸಲ 90. ಮೂರು ವಾರ ಯಾರೂ ಅದನ್ನು ಗಮನಿಸಲಿಲ್ಲ. ಕೊನೆಗೆ ಪಕ್ಕದ ಹುಡುಗ ಹೇಳಿದ: "ನಾರ್ಮಲ್ ಅಂದ್ರ ಲಂಬ ಲೇ!" ಲಂಬ ನನಗೆ ಹತ್ತನೇ ತರಗತಿಯಿಂದಲೇ ಗೊತ್ತಿತ್ತು. ತಪ್ಪು ಒಂದೇ ಥರ ಮತ್ತೆ ಮತ್ತೆ ಬರುತ್ತಿದ್ದರೆ ಅದರ ಹಿಂದೆ ಒಂದು ಪದ ಕೂತಿರುತ್ತದೆ. ದಡ್ಡತನ ಅಂತ ಬೈಯುವ ಮೊದಲು ಆ ಪದ ಹುಡುಕಬೇಕು ಅಂತ ನನಗೆ ಅವತ್ತೇ ಅನ್ನಿಸಿತು.

ಇನ್ನೊಂದು ಗುಂಪು ಇದಕ್ಕಿಂತ ಹಟಮಾರಿ. ನಮ್ಮ ಮನೆಮಾತಿನಲ್ಲೇ ಸೇರಿಹೋಗಿರುವ ಇಂಗ್ಲಿಷ್ ಪದಗಳು. "ಕರೆಂಟ್ ಹೋಯಿತು" ಅನ್ನುತ್ತೇವೆ. ಅದರಲ್ಲಿ ವೋಲ್ಟೇಜು, ಪವರು, ಎನರ್ಜಿ ಎಲ್ಲಾ ಸೇರಿವೆ. ಪುಸ್ತಕದ ಕರೆಂಟ್ ಮಾತ್ರ ವಿದ್ಯುತ್ ಪ್ರವಾಹ, ಅದನ್ನು ಆಂಪಿಯರಿನಲ್ಲೇ ಅಳೆಯಬೇಕು. "ನಳದ ನೀರು ಫೋರ್ಸ್ ಆಗಿ ಬರುತ್ತದೆ" ಅನ್ನುತ್ತೇವೆ. ಅಲ್ಲಿ ಹೇಳಬೇಕಾದ್ದು ಒತ್ತಡದ ಮಾತು. ಪಂಕ್ಚರ್ ಅಂಗಡಿಯಲ್ಲಿ ಸೊಲ್ಯೂಷನ್ ಅಂದರೆ ಟ್ಯೂಬಿಗೆ ಹಚ್ಚುವ ಅಂಟು, ರಸಾಯನಶಾಸ್ತ್ರದಲ್ಲಿ ದ್ರಾವಣ. ಟೆನ್ಷನ್ ಅಂದರೆ ಮನೆಯಲ್ಲಿ ಚಿಂತೆ, ಲೆಕ್ಕದಲ್ಲಿ ಹಗ್ಗದ ಬಿಗಿತ. ಕನ್ನಡ ಪದಗಳಲ್ಲೂ ಇಂಥದ್ದಿದೆ. ನಮ್ಮ ಪುಸ್ತಕದಲ್ಲಿ ಸ್ಪೀಡ್ ಅಂದರೆ ಜವ, ವೆಲಾಸಿಟಿ ಅಂದರೆ ವೇಗ. ಬಾಯಿಮಾತಿನಲ್ಲಿ ಜವ ಯಾರೂ ಬಳಸುವುದಿಲ್ಲ. ಹಾಗಾಗಿ ಮಗು ಸ್ಪೀಡ್ ಅಂದರೆ ವೇಗ ಅಂತ ಜೋಡಿಸಿಕೊಂಡುಬಿಡುತ್ತದೆ. ಆಮೇಲೆ ವೆಲಾಸಿಟಿಗೆ ಜಾಗವೇ ಇರುವುದಿಲ್ಲ.

ಇವಕ್ಕೆ ಅರ್ಥ ಬರೆದು ಕೊಟ್ಟರೆ ಸಾಲದು. ಮನೆಯ ಅರ್ಥ ಮತ್ತು ಪುಸ್ತಕದ ಅರ್ಥ ಎರಡನ್ನೂ ಎದುರುಬದುರು ಇಡಬೇಕು. ನೋಟ್‌ಬುಕ್ಕಿನಲ್ಲಿ ಒಂದು ಪದಕ್ಕೆ ಒಂದು ಪುಟ ಬಿಡಿಸಿ. ಪವರ್ ಪುಟ ಹೇಗಿರಬೇಕು ಅಂತ ಹೇಳುತ್ತೇನೆ. ಮೇಲೆ ಮನೆಯ ಮಾತು: "ಪವರ್ ಕಟ್." ಕೆಳಗೆ ಪುಸ್ತಕದ ಮಾತು: ಸಾಮರ್ಥ್ಯ, ಅಂದರೆ ಒಂದು ಸೆಕೆಂಡಿಗೆ ಎಷ್ಟು ಕೆಲಸ, P = W/t. ಅದರ ಕೆಳಗೆ ಕಣ್ಣೆದುರಿನ ವಸ್ತು: ಹೊಲದ 5 ಎಚ್‌ಪಿ ಮೋಟಾರು. 1 ಎಚ್‌ಪಿ ಅಂದರೆ ಸುಮಾರು 746 ವಾಟ್, ಹಾಗಾದರೆ ಇದು 3730 ವಾಟ್. ಪೂರ್ತಿ ಹೊರೆಯಲ್ಲಿ ಒಂದು ಗಂಟೆ ಓಡಿದರೆ ಅದು ಮಾಡುವ ಕೆಲಸ 3.73 ಕಿಲೋವಾಟ್ ಗಂಟೆ. ಮೀಟರಿನಲ್ಲಿ ಒಂದು ಯೂನಿಟ್ ಅಂದರೆ ಈ ಒಂದು ಕಿಲೋವಾಟ್ ಗಂಟೆಯೇ. ಮೋಟಾರಿನೊಳಗೆ ಒಂದಿಷ್ಟು ಶಕ್ತಿ ಶಾಖವಾಗಿ ಹೋಗುವುದರಿಂದ ಮೀಟರು ಇನ್ನೂ ಸ್ವಲ್ಪ ಹೆಚ್ಚು ತೋರಿಸುತ್ತದೆ. ಯೂನಿಟ್ ಲೆಕ್ಕ ಎನರ್ಜಿಯದು, ಪವರಿನದಲ್ಲ. ಕೊನೆಗೆ ಒಂದು ಇಂಗ್ಲಿಷ್ ವಾಕ್ಯ, ಮಗು ಜೋರಾಗಿ ಓದಬೇಕು: "ಪವರ್ ಈಸ್ ವರ್ಕ್ ಡನ್ ಪರ್ ಯೂನಿಟ್ ಟೈಮ್." ಇಲ್ಲಿಯ ಯೂನಿಟ್ ಮೀಟರಿನ ಯೂನಿಟ್ ಅಲ್ಲ, "ಒಂದು" ಅಂತ ಅರ್ಥ. ಅದನ್ನೂ ಆ ಪುಟದಲ್ಲೇ ಬರೆಸಿ.

ದಿನಕ್ಕೆ ಇಂಥ ಎರಡು ಪುಟ ಸಾಕು. ಪರೀಕ್ಷೆ ಮುಗಿದ ಮೇಲೆ ಪಿಯು ಶುರುವಾಗುವ ಮೊದಲು ಒಂದು ತಿಂಗಳು ಸಿಕ್ಕರೂ ಅರವತ್ತು ಪದ ಆಗುತ್ತವೆ. ನಿಮ್ಮ 400ರಲ್ಲಿ ಉಳಿದವನ್ನು ಕಾಲೇಜಿನಲ್ಲಿ ಪಾಠ ಬಂದಾಗ ಕಲಿಯಲಿ.

ಇನ್ನು ವಾಕ್ಯದ ಮಾತು. ಇಂಗ್ಲಿಷಿನಲ್ಲಿ "ಆಫ್" ಬಂದಲ್ಲೆಲ್ಲ ಅರ್ಥವನ್ನು ಬಾಲದಿಂದ ಓದಬೇಕು. "ರೇಟ್ ಆಫ್ ಚೇಂಜ್ ಆಫ್ ವೆಲಾಸಿಟಿ." ಹಿಂದಿನಿಂದ ಬನ್ನಿ: ವೇಗದ, ಬದಲಾವಣೆಯ, ದರ. ಪದಗಳ ಸಾಲು ಪೂರ್ತಿ ತಿರುಗುತ್ತದೆ. ಇದನ್ನು ಯಾರೂ ಮಕ್ಕಳಿಗೆ ಹೇಳಿಕೊಡುವುದಿಲ್ಲ. ಹಲಗೆಯ ಮೇಲೆ ಬರೆದು, ಬಾಲದಿಂದ ತಲೆಗೆ ಬಾಣ ಎಳೆದು ತೋರಿಸಿ. ಹತ್ತು ಸಲ ಮಾಡಿದರೆ ಕಣ್ಣಿಗೆ ರೂಢಿಯಾಗುತ್ತದೆ.

ಆ "ರೇಟ್" ಮಾತ್ರ ನಮ್ಮ ಕಡೆಯ ಮಕ್ಕಳಿಗೆ ಸಲೀಸು. "ತೊಗರಿ ರೇಟ್ ಎಷ್ಟು?" ಅಂದರೆ ಕ್ವಿಂಟಲಿಗೆ ಎಷ್ಟು ರೂಪಾಯಿ ಅಂತ ಕಲಬುರಗಿ ಕಡೆಯ ಯಾವ ಮಗುವಿಗೂ ಹೇಳಿಕೊಡಬೇಕಾಗಿಲ್ಲ. ಅಲ್ಲಿಂದಲೇ ಶುರು ಮಾಡಿ. ಅದು ಕ್ವಿಂಟಲಿಗೆ ಇಷ್ಟು ರೂಪಾಯಿ, ಇದು ಸೆಕೆಂಡಿಗೆ ಇಷ್ಟು ವೇಗ. ನಮ್ಮ ಕಾರಿನ ವೇಗ ಪ್ರತಿ ಸೆಕೆಂಡಿಗೆ 1.5 ಮೀಟರ್ ಪರ್ ಸೆಕೆಂಡಿನಷ್ಟು ಏರುತ್ತಿದೆ, ವೇಗ ಏರುವ ಆ ರೇಟೇ ವೇಗೋತ್ಕರ್ಷ, ಅಂದರೆ ಆಕ್ಸಲರೇಷನ್. ಸೆಕೆಂಡ್ ಎರಡು ಸಲ ಬಂದದ್ದಕ್ಕೇ m/s² ಅಂತ ಬರೆಯುತ್ತಾರೆ. ಆ ಎರಡು ಎಲ್ಲಿಂದ ಬಂತು ಅನ್ನುವುದು ಇಂಗ್ಲಿಷ್ ಮಾಧ್ಯಮದ ಎಷ್ಟೋ ಮಕ್ಕಳಿಗೂ ಗೊತ್ತಿರುವುದಿಲ್ಲ.

ಜೀವಶಾಸ್ತ್ರದಲ್ಲಿ ಪದಗಳ ಹೊರೆ ದೊಡ್ಡದು, ನಿಜ. ಆದರೆ ಅವು ತುಂಡುಗಳಿಂದ ಕಟ್ಟಿದ ಪದಗಳು. ಮಾನೋ ಅಂದರೆ ಒಂದು, ಡೈ ಅಂದರೆ ಎರಡು, ಕಾಟಿಲಿಡನ್ ಅಂದರೆ ಬೀಜದ ದಳ. ನೆನೆಸಿದ ತೊಗರಿ ಕಾಳು ಸುಲಿದು ಎರಡು ಬೇಳೆ ಬಿಡಿಸಿ ತೋರಿಸಿ, ಡೈಕಾಟ್. ಜೋಳದ ಕಾಳು ಹಾಗೆ ಬಿಡುವುದಿಲ್ಲ, ಮಾನೋಕಾಟ್. ನಮ್ಮ ದ್ವಿದಳ, ಏಕದಳ ಪದಗಳು ಇದನ್ನೇ ಹೇಳುತ್ತವೆ. ಕನ್ನಡ ಪದ ಗೊತ್ತಿದ್ದ ಮಗುವಿಗೆ ಅರ್ಥ ಆಗಲೇ ಕೈಯಲ್ಲಿದೆ. ಹಾಗಾಗಿ "ಇನ್ನು ಕನ್ನಡ ಬಿಟ್ಟುಬಿಡು" ಅಂತ ದಯವಿಟ್ಟು ಯಾರೂ ಹೇಳಬೇಡಿ. ಆದರೆ ಜೀವಶಾಸ್ತ್ರದ ಐದು ಅಂಕದ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯುವುದು ಈ ಪುಟಗಳಿಂದ ಬರುವುದಿಲ್ಲ. ಅದಕ್ಕೆ ಬರೆದು ಬರೆದೇ ಕೈ ಪಳಗಬೇಕು.

ಮುಂದಿನ ಬ್ಯಾಚಿನ ಬಗ್ಗೆ ಕೇಳಿದ್ದೀರಿ. ಅವರು ಈಗ ಎಂಟು, ಒಂಬತ್ತರಲ್ಲಿ ನಿಮ್ಮ ಮುಂದೆಯೇ ಇದ್ದಾರೆ. ನಮ್ಮ ಕನ್ನಡ ಪುಸ್ತಕದಲ್ಲೂ ಸೂತ್ರಗಳು ಇಂಗ್ಲಿಷ್ ಅಕ್ಷರದಲ್ಲೇ ಇರುತ್ತವೆ. F = ma ಅಂತ ಮಗು ಬರೆಯುತ್ತದೆ, F ಯಾಕೆ ಅಂತ ಗೊತ್ತಿಲ್ಲದೆ. ನೀವು ಹಲಗೆಯ ಮೇಲೆ F ಬರೆಯುವಾಗ "ಬಲ, ಫೋರ್ಸ್" ಅನ್ನಿ. m ಬರೆಯುವಾಗ "ರಾಶಿ, ಮಾಸ್." a ಬರೆಯುವಾಗ "ವೇಗೋತ್ಕರ್ಷ, ಆಕ್ಸಲರೇಷನ್." ಮಕ್ಕಳೂ ಜೊತೆಗೆ ಹೇಳಲಿ. ಹತ್ತು ಸೆಕೆಂಡ್ ಹಿಡಿಯುತ್ತದೆ. ಮೂರು ವರ್ಷದಲ್ಲಿ ಪದದ ಸದ್ದು ಕಿವಿಯಲ್ಲಿ ಕೂತಿರುತ್ತದೆ. ಪಟ್ಟಿಯಲ್ಲಿ ಓದಿದ ಪದ ಉಪನ್ಯಾಸಕರ ಬಾಯಲ್ಲಿ ಸರ್ರನೆ ಬಂದಾಗ ಗುರುತು ಸಿಗದೆ ಹೋಗುವ ಕಷ್ಟವೂ ತಪ್ಪುತ್ತದೆ.

ಈಗ ಫೋನ್ ಮಾಡುವವರಿಗೆ ಈ ಭಾನುವಾರವೇ ಆ ಕಾರಿನ ಲೆಕ್ಕ ಓದಿ ಹೇಳಿ. ಎಲ್ಲಿ ನಿಂತರು, ಯಾವ ಪದಕ್ಕೆ ನಿಂತರು ಅಂತ ಬರೆದಿಟ್ಟುಕೊಳ್ಳಿ. ಆ ಪದಗಳನ್ನು ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಒಂದೊಂದಕ್ಕೂ ಪುಟ ಬಿಡಿಸಿ ಹಾಕುತ್ತೇವೆ.